ಸಿದ್ಧವಾಗಿರುವ ಪಿಡಿಎಫ್‌ನ ಎಲ್ಲ ಪುಟಕ್ಕೂ ಲೆಟರ್‌ಹೆಡ್ ಬೇಕು, ಒಳಗಿನ ಅಕ್ಷರ ಮಾತ್ರ ಅಲ್ಲಾಡಬಾರದು. ಹೇಗೆ?

ಮಣ್ಣುಪರೀಕ್ಷೆ_ಮೈಸೂರು

ಎಲ್ಲರಿಗೂ ನಮಸ್ಕಾರ. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿರುವ ಚಿಕ್ಕ ಲ್ಯಾಬ್ ಒಂದರಲ್ಲಿ ವರದಿ ತಯಾರು ಮಾಡುವುದು ನನ್ನ ಕೆಲಸ. ಕಟ್ಟಡಕ್ಕೆ ಪಾಯ ತೆಗೆಯುವ ಮುಂಚೆ ಬೋರ್ ಹಾಕಿ ಮಣ್ಣು ಪರೀಕ್ಷೆ ಮಾಡಿ ಕೊಡುತ್ತೇವಲ್ಲ, ಅದು. ನಮ್ಮ ಸಾಫ್ಟ್‌ವೇರ್ ನೇರವಾಗಿ ಪಿಡಿಎಫ್ ಕೊಡುತ್ತದೆ. ಅದರಲ್ಲಿ ಲೆಟರ್‌ಹೆಡ್ ಹಾಕಲು ಅವಕಾಶವೇ ಇಲ್ಲ. ಈಗ ಒಬ್ಬ ಕಾಂಟ್ರಾಕ್ಟರ್ "ಪ್ರತಿ ಪುಟವೂ ಲೆಟರ್‌ಹೆಡ್‌ನಲ್ಲೇ ಬರಬೇಕು" ಎಂದು ಪಟ್ಟು ಹಿಡಿದಿದ್ದಾರೆ.

ಒಟ್ಟು 24 ಪುಟ. 1ರಿಂದ 17 ಬರಹ ಮತ್ತು ಕೋಷ್ಟಕಗಳು. 18ರಿಂದ 21 ಅಡ್ಡ ಪುಟಗಳು, ಬೋರ್ ಲಾಗ್. ಕೊನೆಯ ಮೂರು ಪುಟ ಸ್ಕ್ಯಾನ್ ಮಾಡಿದ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್. ಪರಿವಿಡಿಯಲ್ಲಿ ಪುಟ ಸಂಖ್ಯೆ ಇದೆ, ಕೋಷ್ಟಕಗಳು ಪುಟಕ್ಕೆ ಸರಿಯಾಗಿ ಮುರಿದಿವೆ. ಒಂದು ಸಾಲು ಕೆಳಗೆ ಜಾರಿದರೂ ಎಲ್ಲ ಎಡವಟ್ಟು. ಏನು ಮಾಡಲಿ?

ಟ್ಯಾಲಿ_ತಾತ

ಇದಕ್ಕೆ ಇಷ್ಟು ಯೋಚನೆ ಯಾಕಮ್ಮ? ಪ್ರೆಸ್‌ನಲ್ಲಿ ಹೊಡೆಸಿದ ಲೆಟರ್‌ಹೆಡ್ ಹಾಳೆಗಳು ಇರುತ್ತವಲ್ಲ, ಅದರ ಮೇಲೆ ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿ ಕಳಿಸಿ. ನಾವು ಬಿಲ್ಲಿಗೆಲ್ಲ ಹಾಗೇ ಮಾಡಿದ್ದು.

ಮಣ್ಣುಪರೀಕ್ಷೆ_ಮೈಸೂರು

ಮಾಡಬಹುದು ಸಾರ್. ಆದರೆ ಸ್ಕ್ಯಾನ್ ಆದಮೇಲೆ ಅದು ಬರೀ ಚಿತ್ರ. ಕಾಂಟ್ರಾಕ್ಟರ್ ಕಡೆಯ ಎಂಜಿನಿಯರ್ ಅದರಿಂದ ಅಂಕಿ ಕಾಪಿ ಮಾಡಿ ತಮ್ಮ ಲೆಕ್ಕಕ್ಕೆ ಹಾಕಿಕೊಳ್ಳುತ್ತಾರೆ. ಅದು ಆಗುವುದಿಲ್ಲ.

ಕಬ್ಬುಹಾಲು_ಮಂಡ್ಯ

ಪಿಡಿಎಫ್ ಅನ್ನು ವರ್ಡ್‌ಗೆ ಬದಲಾಯಿಸಿ. ಹೆಡರ್‌ನಲ್ಲಿ ಲೆಟರ್‌ಹೆಡ್ ಚಿತ್ರ ಇಡಿ. ಮತ್ತೆ ಪಿಡಿಎಫ್ ಮಾಡಿ. ನಾನು ನಮ್ಮ ಹಾಲಿನ ಸೊಸೈಟಿಯ ಮಹಾಸಭೆ ನೋಟೀಸಿಗೆ ಹೀಗೇ ಮಾಡುವುದು. ಒಂದು ತೊಂದರೆ ಅಂದರೆ ಕನ್ನಡ ಅಕ್ಷರ ಸ್ವಲ್ಪ ಚೆಲ್ಲಾಪಿಲ್ಲಿ ಆಗುತ್ತೆ, ಕೂತು ತಿದ್ದಬೇಕು. ನುಡಿಯಲ್ಲಿ ಟೈಪ್ ಮಾಡಿದ್ದಾದರೆ ಇನ್ನೂ ಜಾಸ್ತಿ.

ಕುವೆಂಪುನಗರ_ಕೋಡ್

ಅಣ್ಣ, ಅವರು ಕೇಳಿದ್ದೇ ಅಕ್ಷರ ಅಲ್ಲಾಡಬಾರದು ಅಂತ. ವರ್ಡ್‌ಗೆ ಹೋದ ಕ್ಷಣವೇ ಎಲ್ಲ ಸಾಲೂ ಹೊಸದಾಗಿ ಜೋಡಣೆಯಾಗುತ್ತದೆ. ಪಿಡಿಎಫ್‌ನಲ್ಲಿ ಪ್ಯಾರಾ, ಹೆಡರ್ ಅಂತೆಲ್ಲ ಸಾಮಾನ್ಯವಾಗಿ ಇರುವುದಿಲ್ಲ. ಈ ಅಕ್ಷರ ಪುಟದ ಈ ಜಾಗದಲ್ಲಿ ಕೂರಬೇಕು ಎಂದಷ್ಟೇ ಬರೆದಿರುತ್ತದೆ. ವರ್ಡ್ ಅದನ್ನು ನೋಡಿ ಪ್ಯಾರಾ ಯಾವುದು, ಕೋಷ್ಟಕ ಯಾವುದು ಎಂದು ಊಹೆ ಮಾಡುತ್ತದೆ. ಊಹೆ ತಪ್ಪಿದ ಕಡೆಯೇ ನೀವು ಕೂತು ತಿದ್ದುತ್ತಿರುವುದು.

ಜಾಗ ಹಾಗೆ ಬರೆದಿರುವುದೇ ಇಲ್ಲಿ ಅನುಕೂಲ. ಆ ಬರಹವನ್ನು ಮುಟ್ಟದೆ, ಅದಕ್ಕಿಂತ ಮೊದಲು ಲೆಟರ್‌ಹೆಡ್ ಬಿಡಿಸು ಎಂದು ಪ್ರತಿ ಪುಟಕ್ಕೂ ಹೇಳಿದರೆ ಆಯಿತು. ಮೊದಲು ಬಿಡಿಸಿದ್ದು ಅಡಿಗೆ ಹೋಗುತ್ತದೆ, ವರದಿ ಮೇಲೆ ಕೂರುತ್ತದೆ. ಒಂದು ಅಕ್ಷರವೂ ಕದಲುವುದಿಲ್ಲ.

ಸರಸ್ವತಿಪುರಂ_ಹುಡುಗ

ಒಂದೇ ಸಾಲಿನ ಕೆಲಸ ಗುರು. pdftk ಹಾಕಿಕೊಳ್ಳಿ:

```
pdftk varadi.pdf background letterhead.pdf output hosadu.pdf
```

24 ಪುಟಕ್ಕೂ ಬಂತು. ಮುಗೀತು.

ಕುವೆಂಪುನಗರ_ಕೋಡ್

ದಾರಿ ಸರಿ, ಆದರೆ ಮುಗಿಯಲಿಲ್ಲ. background ಎಂದರೆ letterhead.pdf ಫೈಲಿನ ಮೊದಲ ಪುಟ ಮಾತ್ರ ತೆಗೆದುಕೊಂಡು ಎಲ್ಲ ಕಡೆ ಹಾಕುತ್ತದೆ. ಮೊದಲ ಪುಟಕ್ಕೆ ದೊಡ್ಡ ಲೆಟರ್‌ಹೆಡ್, ಮುಂದಿನ ಪುಟಗಳಿಗೆ ಚಿಕ್ಕದು ಬೇಕೆಂದರೆ multibackground ಬಳಸಬೇಕು. ಅದು ಪುಟಕ್ಕೆ ಪುಟ ಜೋಡಿಸುತ್ತದೆ, ಲೆಟರ್‌ಹೆಡ್ ಫೈಲ್ ಮುಗಿದಮೇಲೆ ಅದರ ಕೊನೆಯ ಪುಟವನ್ನೇ ಮತ್ತೆ ಮತ್ತೆ ಹಾಕುತ್ತದೆ. ಅಡ್ಡ ಪುಟಗಳಿಗೂ ಸ್ಕ್ಯಾನ್ ಪುಟಗಳಿಗೂ ಇದು ಸಾಲದು. ಅಲ್ಲಿ ಬೇರೆ ಆಟ ಇದೆ.

ಮೇಡಂ, ಮೊದಲು ಎರಡು ವಿಷಯ ಹೇಳಿ. ಲೆಟರ್‌ಹೆಡ್‌ನ ಮೇಲ್ಭಾಗ ಎಷ್ಟು ಎತ್ತರ ಇದೆ? ವರದಿಯಲ್ಲಿ ಮೇಲೆ ಖಾಲಿ ಜಾಗ ಎಷ್ಟು ಬಿಟ್ಟಿದೆ? ಆಮೇಲೆ pdfinfo ಸಿಕ್ಕಿದರೆ ವರದಿಯ ಪುಟದ ಅಳತೆ ನೋಡಿ:

```
pdfinfo -f 1 -l 24 varadi.pdf
```

ಮಣ್ಣುಪರೀಕ್ಷೆ_ಮೈಸೂರು

ಸ್ಕೇಲ್ ಇಟ್ಟು ನೋಡಿದೆ. ಲೆಟರ್‌ಹೆಡ್‌ನ ಮೇಲ್ಭಾಗ 45 ಮಿ.ಮೀ. ಲೋಗೋ, ವಿಳಾಸ, ಫೋನು, ಕೆಳಗೊಂದು ನೀಲಿ ಗೆರೆ. ವರದಿಯಲ್ಲಿ ಮೊದಲ ಪುಟ ಮುಖಪುಟ, ಅಲ್ಲಿ ಬೇಕಾದಷ್ಟು ಜಾಗ ಇದೆ. ಎರಡನೆಯ ಪುಟದಿಂದ ಮೇಲೆ 25 ಮಿ.ಮೀ. ಮಾತ್ರ. pdfinfo ಹೇಳಿದ್ದು 612 x 792 pts (letter). ಇದು ಏನು?

ಕುವೆಂಪುನಗರ_ಕೋಡ್

ಅದೇ ನಾನು ಹೆದರಿದ್ದು. ನಿಮ್ಮ ಸಾಫ್ಟ್‌ವೇರ್ ಅಮೆರಿಕದ ಲೆಟರ್ ಅಳತೆಯಲ್ಲಿ ಪುಟ ಕೊಡುತ್ತಿದೆ. ನಮ್ಮ ಎ4 ಅಂದರೆ 595 x 842. ಲೆಟರ್ ಪುಟ ಸ್ವಲ್ಪ ಅಗಲ, ಎತ್ತರ ಕಡಿಮೆ. ಎ4 ಲೆಟರ್‌ಹೆಡ್ ಅನ್ನು ಅದರ ಅಡಿಗೆ ಇಟ್ಟರೆ ಎತ್ತರ ಹಿಡಿಯುವುದಿಲ್ಲ. pdftk ಬದಲು ನಾನು ಹೇಳಲಿರುವ qpdf ಎಂಬ ಪ್ರೋಗ್ರಾಂ ಅಂಥ ಕಡೆ ಅದನ್ನು ಕುಗ್ಗಿಸಿ ನಡುವೆ ಇಡುತ್ತದೆ. 842 ಇದ್ದದ್ದು 792 ಆಗಬೇಕು, ಅಂದರೆ ಸುಮಾರು ಶೇ. 94. ಆಗ ಅಗಲ 595 ಇದ್ದದ್ದು 560 ಆಗುತ್ತದೆ. ಪುಟ 612 ಅಗಲ ಇರುವುದರಿಂದ ಎರಡೂ ಬದಿ 26 ಪಾಯಿಂಟ್, ಅಂದರೆ 9 ಮಿ.ಮೀ. ಬಿಳಿ ಪಟ್ಟಿ ಉಳಿಯುತ್ತದೆ. ಅಂಚಿನಿಂದ ಅಂಚಿಗೆ ಇರಬೇಕಾದ ನೀಲಿ ಗೆರೆ ಅಲ್ಲೇ ನಿಂತುಬಿಡುತ್ತದೆ. ಮೊದಲ ಸಲ ನೋಡಿದವರಿಗೆ ಲೆಟರ್‌ಹೆಡ್ ಫೈಲೇ ಹಾಳಾಗಿದೆ ಅನ್ನಿಸುತ್ತೆ.

ಸಾಫ್ಟ್‌ವೇರ್‌ನಲ್ಲಿ ಕಾಗದದ ಅಳತೆ ಎ4 ಮಾಡಿ ಮತ್ತೆ ತೆಗೆಯಲು ಆಗುತ್ತದಾ? ಆಗದಿದ್ದರೆ ಲೆಟರ್‌ಹೆಡ್ ಅನ್ನೇ 612 x 792 ಅಳತೆಗೆ ಹೊಸದಾಗಿ ಮಾಡಿಸಿ. ವರದಿಯ ಪುಟವನ್ನು ಮಾತ್ರ ಹಿಗ್ಗಿಸಿ ಕುಗ್ಗಿಸಿ ಮಾಡಬೇಡಿ.

ಇನ್ನು 25 ಮಿ.ಮೀ. ಜಾಗಕ್ಕೆ 45 ಮಿ.ಮೀ. ಕೂರುವುದಿಲ್ಲ. ಬರಹ ಅಲ್ಲಾಡಬಾರದು ಅಂದಮೇಲೆ ತಗ್ಗಬೇಕಾದ್ದು ಲೆಟರ್‌ಹೆಡ್. ಮುಂದಿನ ಪುಟಗಳಿಗೆ ಲೋಗೋ ಮತ್ತು ಹೆಸರು ಮಾತ್ರ ಇರುವ, 20 ಮಿ.ಮೀ. ಒಳಗಿನ ಚಿಕ್ಕ ಹೆಡ್ ಮಾಡಿಸಿ. ವಿಳಾಸ, ಫೋನು ಎಲ್ಲ ಮೊದಲ ಪುಟದಲ್ಲಿದ್ದರೆ ಸಾಕು.

ಅಶೋಕರಸ್ತೆ_ಪ್ರೆಸ್

ಇಲ್ಲಿಂದ ನನ್ನ ಏರಿಯಾ. ನಮ್ಮ ಹತ್ತಿರ ಬರುವವರಲ್ಲಿ ಮುಕ್ಕಾಲು ಜನ ಲೆಟರ್‌ಹೆಡ್ ಅಂತ ವಾಟ್ಸಾಪ್‌ನಲ್ಲಿ ಬಂದ ಜೆಪಿಜಿ ಇಟ್ಟುಕೊಂಡಿರುತ್ತಾರೆ. ಅದು ಬೇಡ. ನಿಮ್ಮ ಲೆಟರ್‌ಹೆಡ್ ಹೊಡೆದ ಪ್ರೆಸ್‌ನಲ್ಲಿ ಕೋರೆಲ್ ಫೈಲ್ ಇದ್ದೇ ಇರುತ್ತದೆ. ಅದರಿಂದ ಪಿಡಿಎಫ್ ತೆಗೆಸಿಕೊಳ್ಳಿ. ಕೇಳುವಾಗ ಮೂರು ಮಾತು ಹೇಳಿ.

ಕ್ರಾಪ್ ಮಾರ್ಕ್, ಬ್ಲೀಡ್ ಬೇಡ ಎಂದು ಹೇಳಿ. ಪ್ರೆಸ್ ಫೈಲಿನಲ್ಲಿ ಸುತ್ತ 3 ಮಿ.ಮೀ. ಜಾಸ್ತಿ ಇಟ್ಟಿರುತ್ತೇವೆ. ಹಾಗೇ ತಂದರೆ ಮತ್ತೆ ಕುಗ್ಗುವ ತೊಂದರೆ. ಅಕ್ಷರಗಳನ್ನೆಲ್ಲ ಕರ್ವ್ಸ್ ಮಾಡಿಸಿ. ಕೋರೆಲ್‌ನಲ್ಲಿ ಎಲ್ಲ ಆಯ್ದು Ctrl+Q ಒತ್ತಿದರೆ ಆಯಿತು, ಆದರೆ ಮೂಲ ಫೈಲಿನ ಕಾಪಿಯಲ್ಲಿ ಮಾಡಬೇಕು. ಕನ್ನಡ ಹೆಸರು ನುಡಿ ಫಾಂಟ್‌ನಲ್ಲಿದ್ದರೂ ಆಮೇಲೆ ಯೋಚನೆ ಇಲ್ಲ, ಅದು ಆಕಾರ ಮಾತ್ರ. ಇನ್ನೊಂದು, ಹಿಂದೆ ಬಿಳಿ ಚೌಕ ಇಟ್ಟಿದ್ದರೆ ತೆಗೆಸಿ. ಕೆಲವು ಹುಡುಗರು ಪುಟದಷ್ಟೇ ದೊಡ್ಡ ಬಿಳಿ ಚೌಕ ಹಾಕಿ ಅದರ ಮೇಲೆ ಡಿಸೈನ್ ಮಾಡಿರುತ್ತಾರೆ. ಕಣ್ಣಿಗೆ ಕಾಣುವುದಿಲ್ಲ, ಇಲ್ಲಿ ಕಾಟ ಕೊಡುತ್ತದೆ.

ಕುವೆಂಪುನಗರ_ಕೋಡ್

ಕರ್ವ್ಸ್ ಮಾಡಿಸಿದರೆ ಇನ್ನೊಂದು ಲಾಭ. ವರದಿಯಲ್ಲಿ "ಮೈಸೂರು" ಅಂತ ಹುಡುಕಿದರೆ 24 ಪುಟದ ವಿಳಾಸವೂ ಎದ್ದು ಬರುವುದಿಲ್ಲ.

ಸುಮ್ನೆ_ಕೇಳಿದೆ

ಆನ್‌ಲೈನ್‌ನಲ್ಲಿ ಅಪ್‌ಲೋಡ್ ಮಾಡಿ ವಾಟರ್‌ಮಾರ್ಕ್ ಹಾಕುವ ಸೈಟ್‌ಗಳು ಇವೆಯಲ್ಲ, ಅದು ಸಾಲದಾ?

ಮಣ್ಣುಪರೀಕ್ಷೆ_ಮೈಸೂರು

ಬೇರೆಯವರ ಸೈಟಿನ ವರದಿ. ಎಲ್ಲೋ ಅಪ್‌ಲೋಡ್ ಮಾಡಲು ನಮ್ಮ ಸಾರ್ ಒಪ್ಪುವುದಿಲ್ಲ. ಸರಿಯೂ ಅಲ್ಲ.

ನಜರಬಾದ್_ಆಫೀಸ್

ಅಕ್ರೋಬ್ಯಾಟ್ ಪ್ರೊ ಇದ್ದರೆ ಕಮಾಂಡ್ ಏನೂ ಬೇಡ. ಪಿಡಿಎಫ್ ತಿದ್ದುವ ಕಡೆ Background ಅಂತ ಇದೆ, ಅಲ್ಲಿ Add ಒತ್ತಿ ಲೆಟರ್‌ಹೆಡ್ ಫೈಲ್ ಆರಿಸಿದರೆ ಆಯಿತು. ಯಾವ ಪುಟದಿಂದ ಯಾವ ಪುಟಕ್ಕೆ ಎಂದೂ ಹೇಳಬಹುದು. ಪುಕ್ಕಟೆ ರೀಡರ್‌ನಲ್ಲಿ ಇದು ಸಿಗುವುದಿಲ್ಲ.

ಮಣ್ಣುಪರೀಕ್ಷೆ_ಮೈಸೂರು

ಪ್ರೊ ಇಲ್ಲ. ಸಾಫ್ಟ್‌ವೇರ್‌ನಲ್ಲಿ ಎ4 ಸಿಕ್ಕಿತು, ಸೆಟ್ಟಿಂಗ್ ಒಳಗೆಲ್ಲೋ ಅಡಗಿತ್ತು. ಪುಟಗಳು ಮುರಿಯುವ ಜಾಗ ಸ್ವಲ್ಪ ಬದಲಾಯಿತು, ಆದರೆ ಪರಿವಿಡಿಯನ್ನೂ ಅದೇ ಹೊಸದಾಗಿ ಮಾಡಿಕೊಟ್ಟಿತು. ಪುಟ 24ರಲ್ಲೇ ನಿಂತಿದೆ. ಪ್ರೆಸ್‌ನವರು ಮೂರು ಪುಟದ letterhead.pdf ಕೊಟ್ಟರು. 1 ದೊಡ್ಡ ಹೆಡ್, 2 ಚಿಕ್ಕ ಹೆಡ್, 3 ಅಡ್ಡ ಪುಟಕ್ಕೆ ಚಿಕ್ಕ ಹೆಡ್. ಮೂರರಲ್ಲೂ ನಡುವೆ ತಿಳಿ ಬಣ್ಣದ ದೊಡ್ಡ ಲೋಗೋ ಇದೆ.

ಕುವೆಂಪುನಗರ_ಕೋಡ್

ಚೆನ್ನಾಯಿತು. ಈಗ qpdf ಹಾಕಿಕೊಳ್ಳಿ, ಪುಕ್ಕಟೆ, ವಿಂಡೋಸ್‌ಗೂ ಇದೆ. ಆದರೆ ಲೆಟರ್‌ಹೆಡ್ ಹಾಕುವ ಮುಂಚೆ ಒಂದು ಹಳದಿ ಪರೀಕ್ಷೆ ಮಾಡಿ. ವರ್ಡ್‌ನಲ್ಲಿ ಎ4 ಪುಟ ಪೂರ್ತಿ ಮುಚ್ಚುವ ಹಳದಿ ಚೌಕ ಬಿಡಿಸಿ haladi.pdf ಅಂತ ಉಳಿಸಿ. ಅದನ್ನು ವರದಿಯ ಅಡಿಗೆ ಹಾಕಿ:

```
qpdf varadi.pdf --underlay haladi.pdf --from= --repeat=1 -- test.pdf
```

ಪುಟ ಪೂರ್ತಿ ಹಳದಿ ಕಂಡರೆ ಅದರ ಅಡಿಗೆ ಇಟ್ಟದ್ದು ಕಾಣುತ್ತದೆ. ಬಿಳಿಯಾಗೇ ಉಳಿದರೆ ಆ ಪುಟ ತನ್ನದೇ ಬಿಳಿ ಬಣ್ಣ ಬಳಿದುಕೊಂಡಿದೆ, ಅಡಿಗೆ ಏನಿಟ್ಟರೂ ವ್ಯರ್ಥ. ಲೆಟರ್‌ಹೆಡ್ ಫೈಲಿಗೂ ಇದೇ ಪರೀಕ್ಷೆ ಮಾಡಿ. ಪ್ರೆಸ್‌ನವರು ಹೇಳಿದ ಬಿಳಿ ಚೌಕ ಅಲ್ಲೇ ಸಿಕ್ಕಿಬೀಳುತ್ತದೆ. ಅಡ್ಡ ಪುಟದಲ್ಲಿ ಹಳದಿ ನಡುವೆ ಮಾತ್ರ ಕಂಡರೆ ಗಾಬರಿ ಬೇಡ, ಉದ್ದ ಹಾಳೆ ಕುಗ್ಗಿ ಅಲ್ಲಿ ಕೂತಿದೆ ಅಷ್ಟೆ.

ಮಣ್ಣುಪರೀಕ್ಷೆ_ಮೈಸೂರು

ಮಜಾ ಇದೆ ಇದು. 1ರಿಂದ 8 ಪೂರ್ತಿ ಹಳದಿ. 9ರಿಂದ 12ರಲ್ಲಿ ಸುತ್ತ ಹಳದಿ, ಕೋಷ್ಟಕ ಇರುವ ಕಡೆ ಮಾತ್ರ ಬಿಳಿ ತೇಪೆ. 13ರಿಂದ 17 ಮತ್ತೆ ಹಳದಿ. 18ರಿಂದ 21 ನೀವು ಹೇಳಿದ ಹಾಗೆ ನಡುವೆ ಮಾತ್ರ. 22ರಿಂದ 24 ಅಚ್ಚ ಬಿಳಿ.

ಕುವೆಂಪುನಗರ_ಕೋಡ್

ಕೋಷ್ಟಕದ ಕೋಣೆಗಳಿಗೆ ಸಾಫ್ಟ್‌ವೇರ್ ಬಿಳಿ ಬಣ್ಣ ತುಂಬಿದೆ. ಮೇಲಿನ ಹೆಡ್‌ಗೂ ಕೆಳಗಿನ ಪಟ್ಟಿಗೂ ಅದರಿಂದ ತೊಂದರೆ ಇಲ್ಲ, ಅಲ್ಲಿ ಹಳದಿ ಕಾಣುತ್ತಿದೆಯಲ್ಲ. ಆದರೆ ನಡುವಿನ ದೊಡ್ಡ ಲೋಗೋ ಅರ್ಧಕ್ಕೆ ಕತ್ತರಿಸಿದಂತೆ ಕಾಣುತ್ತದೆ. ಚಿಕ್ಕ ಹೆಡ್‌ನಿಂದ ಆ ಲೋಗೋ ತೆಗೆಸಿಬಿಡಿ. ಕೋಷ್ಟಕದ ಅಂಕಿಗಳ ಹಿಂದೆ ಲೋಗೋ ಇದ್ದು ಆಗಬೇಕಾದ್ದೇನೂ ಇಲ್ಲ, ಕಣ್ಣಿಗೆ ಕಿರಿಕಿರಿ.

ಆಮೇಲೆ:

```
qpdf varadi.pdf --underlay letterhead.pdf --to=1-17 --from=1 --repeat=2 -- a.pdf
qpdf a.pdf --underlay letterhead.pdf --to=18-21 --from= --repeat=3 -- b.pdf
```

ಮೊದಲ ಸಾಲು ವರದಿಯ 1ನೇ ಪುಟಕ್ಕೆ ದೊಡ್ಡ ಹೆಡ್ ಹಾಕಿ, 17ರವರೆಗೆ ಚಿಕ್ಕದನ್ನು ಮತ್ತೆ ಮತ್ತೆ ಹಾಕುತ್ತದೆ. ಎರಡನೆಯದು ಅಡ್ಡ ಪುಟಗಳಿಗೆ. ನಡುವಿನ `--` ಬಿಡಬೇಡಿ, ಅದು ಬಿಟ್ಟರೆ ಕಮಾಂಡ್ ನಡೆಯುವುದಿಲ್ಲ.

ಸರಸ್ವತಿಪುರಂ_ಹುಡುಗ

ಬಿಳಿ ಪುಟಕ್ಕೆ ಅಡಿಗೆ ಯಾಕೆ ಒದ್ದಾಡೋದು? pdftkನಲ್ಲಿ stamp ಇದೆ, ಮೇಲೇ ಹಾಕುತ್ತದೆ. ಎಲ್ಲ ಪುಟಕ್ಕೂ stamp ಮಾಡಿಬಿಟ್ಟರೆ ಹಳದಿ, ಬಿಳಿ ಯಾವ ರಗಳೆಯೂ ಇಲ್ಲ.

ಅಶೋಕರಸ್ತೆ_ಪ್ರೆಸ್

ಹಾಗೆ ಮಾಡಿ ನೋಡಿ, ಮೊದಲ ಪುಟದ ನಡುವಿನ ಲೋಗೋ ಅಕ್ಷರಗಳನ್ನು ನುಂಗಿರುತ್ತದೆ. ತಿಳಿ ಬಣ್ಣ ಬೇರೆ, ಪಾರದರ್ಶಕ ಬೇರೆ. ಕೋರೆಲ್‌ನಲ್ಲಿ ನೀಲಿಯನ್ನು ಶೇ. 10ಕ್ಕೆ ಇಳಿಸಿದರೆ ಕಣ್ಣಿಗೆ ಮಸುಕು ಕಾಣುತ್ತದೆ, ಆದರೂ ಅದು ಗಟ್ಟಿ ಬಣ್ಣವೇ. ಅಕ್ಷರದ ಮೇಲೆ ಬಿದ್ದರೆ ಅಕ್ಷರ ಮುಚ್ಚುತ್ತದೆ. ಟ್ರಾನ್ಸ್‌ಪರೆನ್ಸಿ ಹಾಕಿದ್ದರೆ ಅಕ್ಷರ ಕಾಣುತ್ತೆ, ಆದರೆ ಅದರ ಮೇಲೊಂದು ಪೊರೆ ಬಂದಂತೆ ಮಂಕಾಗುತ್ತೆ. ಅದಕ್ಕೇ ಆಗುವ ಕಡೆಯೆಲ್ಲ ಅಡಿಗೇ ಹಾಕಬೇಕು.

ಕುವೆಂಪುನಗರ_ಕೋಡ್

ಹೌದು. ಮೇಲೆ ಹಾಕುವುದು ಸ್ಕ್ಯಾನ್ ಪುಟಗಳಿಗೆ ಮಾತ್ರ. ಅದಕ್ಕೂ ಹೆಡ್ ಮತ್ತು ಕೆಳಗಿನ ಪಟ್ಟಿ ಮಾತ್ರ ಇರುವ ಬೇರೆ ಫೈಲ್ ಬೇಕು, ನಡುವೆ ಏನೂ ಇರಬಾರದು:

```
qpdf b.pdf --overlay patti.pdf --to=22-24 --from= --repeat=1 -- c.pdf
```

ಅಶೋಕರಸ್ತೆ_ಪ್ರೆಸ್

ಅಲ್ಲಾ ಸಾರ್, ಆ ಮೂರು ಪುಟ ಬೇರೆ ಸಂಸ್ಥೆ ಕೊಟ್ಟ ಸರ್ಟಿಫಿಕೇಟ್ ಅಲ್ವಾ? ಅದರ ಮೇಲೆ ಇವರ ಲೆಟರ್‌ಹೆಡ್ ಬಂದರೆ ಇವರೇ ಕೊಟ್ಟಂತೆ ಆಗುವುದಿಲ್ಲವಾ? ಜೊತೆಗೆ ಆ ಸಂಸ್ಥೆಯ ಹೆಸರೂ ಮೇಲ್ಗಡೆಯೇ ಇರುತ್ತದೆ, ಅದರ ಮೇಲೆ ಇವರದ್ದು ಕೂರುತ್ತೆ.

ಮಣ್ಣುಪರೀಕ್ಷೆ_ಮೈಸೂರು

ಅದು ನಿಜ. ಆದರೆ ಕಾಂಟ್ರಾಕ್ಟರ್ "ಪ್ರತಿ ಪುಟ" ಅಂದಿದ್ದಾರೆ.

ನಜರಬಾದ್_ಆಫೀಸ್

ಮೂರನ್ನೂ ಹಾಗೇ ಬಿಟ್ಟು, ಮುಂದೆ "ಅನುಬಂಧ: ಉಪಕರಣಗಳ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಪ್ರತಿಗಳು" ಅಂತ ಒಂದು ಪುಟ ನಿಮ್ಮ ಲೆಟರ್‌ಹೆಡ್‌ನಲ್ಲಿ ಸೇರಿಸಿ.

ಕುವೆಂಪುನಗರ_ಕೋಡ್

ಪುಟ 25 ಆಗುತ್ತದೆ, ಪರಿವಿಡಿ ಮತ್ತೆ ತಿದ್ದಬೇಕು. ನನ್ನನ್ನು ಕೇಳಿದರೆ ಕೆಳಗಿನ ಅಂಚಿನಲ್ಲಿ ಚಿಕ್ಕದಾಗಿ ಲ್ಯಾಬ್ ಹೆಸರು, ವರದಿ ಸಂಖ್ಯೆ ಬಂದರೆ ಸಾಕು.

ಅಶೋಕರಸ್ತೆ_ಪ್ರೆಸ್

ಅಂಚಿನಲ್ಲೂ ಬೇಡ ಅನ್ನುತ್ತೇನೆ ನಾನು. ಬೇರೆಯವರ ಸರ್ಟಿಫಿಕೇಟ್ ಮುಟ್ಟಬಾರದು.

ಪಡುವಾರಹಳ್ಳಿ_ಕ್ವಾಲಿಟಿ

ಲ್ಯಾಬ್ ಅಂದಿದ್ದಕ್ಕೆ ನೆನಪಾಯಿತು. ಲೆಟರ್‌ಹೆಡ್‌ನಲ್ಲಿ ಎನ್‌ಎಬಿಎಲ್ ಗುರುತು ಇದೆಯಾ? ಇದ್ದರೆ ಸುಮ್ನೆ ಎಲ್ಲ ವರದಿಗೂ ಹಾಕುವ ಹಾಗಿಲ್ಲ. ಮಾನ್ಯತೆ ಸಿಕ್ಕಿರುವ ಪರೀಕ್ಷೆಗಳ ವರದಿಗೆ ಮಾತ್ರ ಆ ಗುರುತು. ಕಮಾಂಡ್ ಒಂದೇ ಸಲಕ್ಕೆ ಎಲ್ಲ ಪುಟಕ್ಕೂ ಹಾಕಿಬಿಡುತ್ತೆ, ಆಮೇಲೆ ಆಡಿಟ್‌ನಲ್ಲಿ ಉತ್ತರ ಕೊಡುವವರು ನೀವು. ಗುರುತು ಇರುವ ಫೈಲ್ ಒಂದು, ಇಲ್ಲದ್ದು ಒಂದು ಇಟ್ಟುಕೊಳ್ಳಿ.

ಮಣ್ಣುಪರೀಕ್ಷೆ_ಮೈಸೂರು

ಒಳ್ಳೆ ಮಾತು. ಎರಡು ಫೈಲ್ ಮಾಡಿಸುತ್ತೇನೆ.

ಲಕ್ಷ್ಮೀಪುರಂ_ಆಡಿಟ್

ನನ್ನದೊಂದು ಕಷ್ಟ ಇದೆ, ಇಲ್ಲೇ ಕೇಳುತ್ತೇನೆ. ನಮ್ಮ ಸಾರ್ ಡಿಎಸ್‌ಸಿ ಟೋಕನ್ ಹಾಕಿ ಸಹಿ ಮಾಡಿದ ಪಿಡಿಎಫ್‌ಗೆ ನಾನು ಹೀಗೇ ಲೆಟರ್‌ಹೆಡ್ ಹಾಕಿದೆ. ನೋಡಲು ಚೆನ್ನಾಗಿದೆ. ಆದರೆ ಹಸಿರು ಟಿಕ್ ಹೋಯಿತು. ಲೆಟರ್‌ಹೆಡ್ ಅಡಿಗೆ ತಾನೇ ಇರುವುದು, ಬರಹ ಮುಟ್ಟಿಲ್ಲವಲ್ಲ?

ಕುವೆಂಪುನಗರ_ಕೋಡ್

ಸಹಿ ನೋಡುವುದು ಬರಹವನ್ನಲ್ಲ ಅಕ್ಕ, ಫೈಲನ್ನು. ಸಹಿ ಹಾಕಿದಾಗ ಫೈಲಿನ ಬೈಟ್‌ಗಳು ಹೇಗಿದ್ದವೋ ಹಾಗೇ ಇವೆಯಾ ಅಂತ ತಾಳೆ ನೋಡುತ್ತದೆ. qpdf ಫೈಲನ್ನು ಪೂರ್ತಿ ಹೊಸದಾಗಿ ಬರೆಯುತ್ತದೆ, ಆದ್ದರಿಂದ ತಾಳೆ ಬೀಳುವುದಿಲ್ಲ. ಮೊದಲು ಲೆಟರ್‌ಹೆಡ್, ಕೊನೆಗೆ ಸಹಿ. ಹಾಕಿದ ಸಹಿಯನ್ನು ಉಳಿಸಿಕೊಂಡು ಇದನ್ನು ಮಾಡುವ ದಾರಿ ಇಲ್ಲ, ಸಾರ್ ಹತ್ತಿರ ಮತ್ತೆ ಟೋಕನ್ ಹಾಕಿಸಿ.

ಲಕ್ಷ್ಮೀಪುರಂ_ಆಡಿಟ್

ಅವರು ಟೂರ್‌ನಲ್ಲಿದ್ದಾರೆ. ಆಯ್ತು, ಲೆಟರ್‌ಹೆಡ್ ಇಲ್ಲದ್ದನ್ನೇ ಕಳಿಸುತ್ತೇನೆ.

ಟ್ಯಾಲಿ_ತಾತ

ಟ್ಯಾಲಿಯಲ್ಲಿ ಪ್ರಿಂಟ್ ಕೊಡುವಾಗ ಮೇಲೆ ಇಷ್ಟು ಜಾಗ ಬಿಡು ಅಂತ ಕೇಳುತ್ತದೆ. ಅದನ್ನು ಜಾಸ್ತಿ ಮಾಡಿ ಪಿಡಿಎಫ್ ತೆಗೆದರೆ ಇದೇ ಕಮಾಂಡ್‌ಗೆ ಹೊಂದುತ್ತದಲ್ಲ? ನಮ್ಮ ಹುಡುಗನಿಗೆ ಹೇಳಬೇಕು.

ಕುವೆಂಪುನಗರ_ಕೋಡ್

ಹೊಂದುತ್ತದೆ ಸಾರ್. ಪಿಡಿಎಫ್ ಹುಟ್ಟುವ ಮುಂಚೆ ಜಾಗ ಬಿಡಿಸಿಕೊಳ್ಳುವುದೇ ಸುಲಭ. ಒಂದು ಎಚ್ಚರ, ಲೆಟರ್‌ಹೆಡ್ ಸೇರಿಸಿದ ಫೈಲನ್ನು ಯಾರಾದರೂ ಪ್ರೆಸ್‌ನ ಲೆಟರ್‌ಹೆಡ್ ಹಾಳೆ ಮೇಲೆ ಪ್ರಿಂಟ್ ತೆಗೆದರೆ ಎರಡೆರಡು ಬರುತ್ತದೆ. ಬರಿಯ ಫೈಲನ್ನೂ ಉಳಿಸಿಕೊಂಡಿರಿ.

ಮಣ್ಣುಪರೀಕ್ಷೆ_ಮೈಸೂರು

ಬಂತು! 21 ಪುಟ ಸರಿಯಾಗಿದೆ. ಹಳೆಯದು, ಹೊಸದು ಎರಡನ್ನೂ ಒಂದೇ ಅಳತೆಯಲ್ಲಿ ತೆರೆದು Alt+Tab ಒತ್ತಿ ಅದಲುಬದಲು ಮಾಡಿ ನೋಡಿದೆ. ಹೆಡ್ ಬಂದು ಹೋಗುತ್ತದೆ, ಅಕ್ಷರ ಇದ್ದಲ್ಲೇ ಇದೆ. 16ನೇ ಪುಟದ ಅಂಕಿಗಳು ಕಾಪಿಯೂ ಆಗುತ್ತವೆ. ಪ್ರತಿ ಸಲ ಕಮಾಂಡ್ ಟೈಪ್ ಮಾಡಲು ನಮ್ಮ ಹುಡುಗಿಯರಿಗೆ ಆಗುವುದಿಲ್ಲ. ಸುಲಭ ಮಾಡಲು ಆಗುತ್ತಾ?

ಕುವೆಂಪುನಗರ_ಕೋಡ್

ನೋಟ್‌ಪ್ಯಾಡ್‌ನಲ್ಲಿ ಇದನ್ನು ಹಾಕಿ LH.bat ಅಂತ ಉಳಿಸಿ. qpdf ಇರುವ ಜಾಗವನ್ನು ನಿಮ್ಮ ಕಂಪ್ಯೂಟರಿಗೆ ತಕ್ಕಂತೆ ಬದಲಾಯಿಸಿಕೊಳ್ಳಿ:

```
"C:\qpdf\bin\qpdf.exe" "%~1" --underlay C:\lh\letterhead.pdf --from=1 --repeat=2 -- "%~dpn1_LH.pdf"
pause
```

ಪಿಡಿಎಫ್ ಅನ್ನು ಎಳೆದು ಇದರ ಮೇಲೆ ಬಿಟ್ಟರೆ ಪಕ್ಕದಲ್ಲೇ _LH ಅಂತ ಹೊಸ ಫೈಲ್ ಹುಟ್ಟುತ್ತದೆ. ಹಳೆಯದು ಹಾಗೇ ಇರುತ್ತದೆ. ಇದು ಉದ್ದ ಪುಟಗಳ ವರದಿಗೆ ಮಾತ್ರ. ಬೋರ್ ಲಾಗ್ ಇರುವುದಕ್ಕೆ ಪುಟ ಸಂಖ್ಯೆ ಪ್ರತಿ ವರದಿಗೂ ಬೇರೆ, ಅದನ್ನು ಕೈಯಲ್ಲೇ ಹೇಳಬೇಕು.

ಕಬ್ಬುಹಾಲು_ಮಂಡ್ಯ

ಸಾರ್, ನಮ್ಮ ಸೊಸೈಟಿ ಲೆಟರ್‌ಹೆಡ್ ಜೆಪಿಜಿ ಮಾತ್ರ ಇದೆ, ಪ್ರೆಸ್ ಮುಚ್ಚಿಹೋಗಿದೆ. ಅದನ್ನೇ ಪಿಡಿಎಫ್ ಮಾಡಿ ಅಡಿಗೆ ಹಾಕಿದರೆ ನಡೆಯುತ್ತದಾ?

ಅಶೋಕರಸ್ತೆ_ಪ್ರೆಸ್

ಅಡಿಗೆ ಹಾಕಿದರೆ ನಡೆಯುತ್ತದೆ. ಮೇಲೆ ಹಾಕಬೇಡಿ, ಚಿತ್ರದ ಬಿಳಿ ಪೂರ್ತಿ ನೋಟೀಸನ್ನೇ ಮುಚ್ಚುತ್ತದೆ. ಪ್ರಿಂಟ್‌ನಲ್ಲಿ ಅಕ್ಷರದ ಅಂಚು ಒರಟಾಗಿ ಬಂದರೆ ಮೂಲ ಹಾಳೆಯನ್ನು 300 ಡಿಪಿಐನಲ್ಲಿ ಮತ್ತೆ ಸ್ಕ್ಯಾನ್ ಮಾಡಿಸಿ.

ಮಣ್ಣುಪರೀಕ್ಷೆ_ಮೈಸೂರು

ಕೊನೆಯ ಮೂರು ಪುಟದ ವಿಷಯ ಕಾಂಟ್ರಾಕ್ಟರ್‌ಗೆ ಫೋನ್ ಮಾಡಿ ಕೇಳಿದೆ. "ನೋಡಿ ಹೇಳ್ತೀನಿ" ಅಂದರು. ಸದ್ಯಕ್ಕೆ ಅವನ್ನು ಹಾಗೇ ಬಿಟ್ಟು b.pdf ಕಳಿಸಿದ್ದೇನೆ.